ನಾಯಿಮರಿಯ ಮೊದಲ ವರ್ಷ: ಖರ್ಚಿನ ಅಂದಾಜು

ನಾಯಿಮರಿ ಸಾಕುವ ಖರ್ಚು ಎಂದಾಗ ಹೆಚ್ಚಿನವರ ಮನಸ್ಸಿಗೆ ಬರುವುದು ಮರಿಯ ಬೆಲೆ. ಮೊದಲ ವರ್ಷದ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ಚಿಕ್ಕ ಬಾಬತ್ತು. ದೊಡ್ಡ ಮೊತ್ತ ಹೋಗುವುದು ಊಟಕ್ಕೆ, ಮತ್ತು ಎಂದು ಬರುತ್ತದೆಂದು ಹೇಳಲಾಗದ ಕಾಯಿಲೆಗೆ. ಇವೆರಡೂ ಒಂದೇ ರೀತಿ ಖರ್ಚಾಗುವುದಿಲ್ಲ. ಊಟದ ಖರ್ಚು ಮರಿ ಬೆಳೆದಂತೆ ಏರುತ್ತದೆ. ಕಾಯಿಲೆಯ ಅಪಾಯ ಮರಿ ಮನೆಗೆ ಬಂದ ಮೊದಲ ಎರಡು ತಿಂಗಳಲ್ಲೇ ಹೆಚ್ಚು. ಹಾಗಾಗಿ ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ‘ತಿಂಗಳಿಗೆ ಇಷ್ಟು’ ಎಂದುಕೊಂಡವರ ಲೆಕ್ಕ ಮೊದಲ ತಿಂಗಳಲ್ಲೇ ತಪ್ಪಬಹುದು.

ಮೈಸೂರಿನ ಒಂದು ಮನೆಗೆ ಎಂಟು ವಾರದ ಲ್ಯಾಬ್ರಡಾರ್ ಹೆಣ್ಣು ಮರಿ ಬಂದಿದೆ ಎಂದಿಟ್ಟುಕೊಂಡರೆ ಲೆಕ್ಕ ಹಾಕುವ ಕ್ರಮ ಸ್ಪಷ್ಟವಾಗುತ್ತದೆ. ಎಂಟು ವಾರ ಎಂಬುದಕ್ಕೆ ಕಾರಣವಿದೆ. ಅದಕ್ಕಿಂತ ಎಳೆಯ ಮರಿಯನ್ನು ಮಾರುವುದಕ್ಕೆ ನಾಯಿ ತಳಿ ಸಾಕಣೆ ಮತ್ತು ಮಾರಾಟದ 2017ರ ಕೇಂದ್ರ ನಿಯಮಗಳಲ್ಲಿ ಅವಕಾಶವಿಲ್ಲ. ಇಲ್ಲಿ ಬಳಸಿರುವ ದರಗಳು ಲೆಕ್ಕಕ್ಕೆಂದು ಹಿಡಿದ ಅಂದಾಜುಗಳು. ಬಡಾವಣೆಯಿಂದ ಬಡಾವಣೆಗೂ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೂ ಅವು ಬದಲಾಗುತ್ತವೆ. ಪ್ರಮಾಣ ಹಾಗೇ ಉಳಿಯುತ್ತದೆ, ದರ ಮಾತ್ರ ತಮ್ಮ ಊರಿನದನ್ನು ಹಾಕಿಕೊಂಡರಾಯಿತು.

ಮೊದಲ ಖರ್ಚು ಲಸಿಕೆಯದು. ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್, ಇಲಿಜ್ವರ ಮುಂತಾದವುಗಳ ವಿರುದ್ಧ ಒಂದೇ ಸೂಜಿಯಲ್ಲಿ ಕೊಡುವ ಸಂಯುಕ್ತ ಲಸಿಕೆಯನ್ನು ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರು ವಾರ ತುಂಬುವವರೆಗೆ ಹಾಕಿಸಬೇಕು. ಒಂದೇ ಲಸಿಕೆ ಮೂರು ಸಲ ಏಕೆ ಎಂಬುದು ಅನೇಕರ ಅನುಮಾನ; ವೈದ್ಯರ ಹಣದಾಸೆ ಎಂದುಕೊಳ್ಳುವವರೂ ಇದ್ದಾರೆ. ಕಾರಣ ತಾಯಿಹಾಲಿನಲ್ಲಿದೆ. ತಾಯಿಯಿಂದ ಬಂದ ರೋಗನಿರೋಧಕ ಅಂಶ ಮರಿಯ ರಕ್ತದಲ್ಲಿ ಇರುವಷ್ಟು ದಿನ ಲಸಿಕೆಯನ್ನೂ ಅದು ಅಡಗಿಸಿಬಿಡುತ್ತದೆ. ಅದು ಇಳಿಯುವ ದಿನ ಒಂದೊಂದು ಮರಿಗೆ ಒಂದೊಂದು, ಹೊರಗಿನಿಂದ ತಿಳಿಯುವುದಿಲ್ಲ. ಅದಕ್ಕೇ ಅಂತರ ಬಿಟ್ಟು ಮತ್ತೆ ಮತ್ತೆ ಹಾಕುವುದು. ಹದಿನಾರು ವಾರದ ಸೂಜಿಯನ್ನು ತಪ್ಪಿಸಿದರೆ ಹಿಂದಿನ ಎರಡೂ ವ್ಯರ್ಥವಾಗಿರುವ ಸಾಧ್ಯತೆ ಉಳಿದೇ ಇರುತ್ತದೆ.

ಈ ಮರಿಗೆ ಎಂಟು, ಹನ್ನೆರಡು, ಹದಿನಾರನೆಯ ವಾರಗಳಲ್ಲಿ ಮೂರು ಸಂಯುಕ್ತ ಲಸಿಕೆ, ವೈದ್ಯರ ಶುಲ್ಕವೂ ಸೇರಿ ತಲಾ 900 ರೂಪಾಯಿಯಂತೆ 2,700. ರೇಬೀಸ್ ಲಸಿಕೆ ಹನ್ನೆರಡನೆಯ ವಾರಕ್ಕೆ ಒಂದು, ಒಂದು ತಿಂಗಳ ನಂತರ ಇನ್ನೊಂದು, 350ರಂತೆ 700. ವರ್ಷದ ಕೊನೆಯಲ್ಲಿ ಎರಡರ ಬೂಸ್ಟರ್‌ಗೆ 1,250. ಒಟ್ಟು 4,650. ವಿಶ್ವ ರೇಬೀಸ್ ದಿನವಾದ ಸೆಪ್ಟೆಂಬರ್ 28ರ ಆಸುಪಾಸಿನಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳು ನಡೆಸುವ ಶಿಬಿರಗಳಲ್ಲಿ ರೇಬೀಸ್ ಲಸಿಕೆ ಉಚಿತವಾಗಿ ಸಿಗುವುದರಿಂದ ಇಲ್ಲಿ ಸ್ವಲ್ಪ ಉಳಿಸಬಹುದು.

ಲಸಿಕೆಯ ಜತೆಗೇ ಬರುವುದು ಹುಳುಗಳ ಲೆಕ್ಕ. ಜಂತುಹುಳುವಿನ ಔಷಧ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ವರ್ಷಕ್ಕೆ ಸುಮಾರು 1,000 ರೂಪಾಯಿ. ಉಣುಗಿನ ಖರ್ಚು ಇದಕ್ಕಿಂತ ಹೆಚ್ಚು, ಮತ್ತು ಅಂದಾಜುಗಳಲ್ಲಿ ಬಿಟ್ಟುಹೋಗುವುದೂ ಇದೇ. ಉಣುಗಿನಿಂದ ಹರಡುವ ಎರ್ಲಿಕಿಯಾ, ಬೆಬೀಸಿಯಾ ಸೋಂಕುಗಳು ನಮ್ಮಲ್ಲಿ ಸಾಮಾನ್ಯ. ಜ್ವರ, ಬಿಳಿಚಿದ ಒಸಡು, ಊಟ ಬಿಡುವುದು, ಕೆಲವೊಮ್ಮೆ ಮೂಗಿನಿಂದ ರಕ್ತ ಇವುಗಳ ಗುರುತು. ಬೆನ್ನ ಮೇಲೆ ಹಾಕುವ ಹನಿ ಔಷಧಕ್ಕೆ ತಿಂಗಳಿಗೆ 500ರಂತೆ ಹತ್ತು ತಿಂಗಳಿಗೆ 5,000 ಹಿಡಿಯಬೇಕು. ಭೇದಿ, ಕಿವಿ ನೋವು, ತುರಿಕೆಯಂಥ ಸಣ್ಣಪುಟ್ಟ ತೊಂದರೆಗೆಂದು ಇನ್ನೂ ನಾಲ್ಕು ಭೇಟಿಗೆ 2,400. ಆರೋಗ್ಯದ ಮಾಮೂಲಿ ಖರ್ಚು ಹೀಗೆ 13,050 ರೂಪಾಯಿ.

ಇನ್ನು ಊಟ. ಚೀಲದ ಮೇಲಿನ ಕೋಷ್ಟಕವನ್ನು ನಂಬುವುದಕ್ಕಿಂತ ಲೆಕ್ಕ ಮಾಡಿಕೊಳ್ಳುವುದು ಲೇಸು, ಅದು ಕಷ್ಟವೂ ಅಲ್ಲ. ಪಶುವೈದ್ಯರು ಬಳಸುವ ಸೂತ್ರವನ್ನು ಮೊಬೈಲಿನ ಕ್ಯಾಲ್ಕ್ಯುಲೇಟರ್‌ನಲ್ಲೇ ಮಾಡಬಹುದು. ಮರಿಯ ತೂಕವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮತ್ತೊಮ್ಮೆ ತೂಕದಿಂದ ಗುಣಿಸಬೇಕು. ಆಮೇಲೆ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, ಬಂದ ಸಂಖ್ಯೆಯನ್ನು 70ರಿಂದ ಗುಣಿಸಬೇಕು. ಇದು ಸುಮ್ಮನೆ ಮಲಗಿರುವ ನಾಯಿಗೆ ದಿನಕ್ಕೆ ಬೇಕಾದ ಕ್ಯಾಲರಿ. ನಾಲ್ಕು ತಿಂಗಳೊಳಗಿನ ಮರಿಗೆ ಇದರ ಮೂರು ಪಟ್ಟು ಬೇಕು, ಅದಕ್ಕಿಂತ ದೊಡ್ಡದಾದ ಬೆಳೆಯುವ ಮರಿಗೆ ಎರಡು ಪಟ್ಟು, ಬೆಳೆದು ಮುಗಿದ ನಾಯಿಗೆ ಸುಮಾರು ಒಂದೂವರೆ ಪಟ್ಟು.

ಎಂಟು ವಾರದ ಮರಿಯ ತೂಕ 5 ಕೆ.ಜಿ. ಎಂದಾದರೆ ಮೇಲಿನ ಲೆಕ್ಕದಂತೆ ಬರುವುದು 234, ಅದರ ಮೂರು ಪಟ್ಟು 702 ಕ್ಯಾಲರಿ. ಒಂದು ಕೆ.ಜಿ. ಒಣ ಆಹಾರದಲ್ಲಿ 3,600 ಕ್ಯಾಲರಿ ಇದ್ದರೆ ದಿನಕ್ಕೆ 195 ಗ್ರಾಂ ಸಾಕು. ಆರು ತಿಂಗಳಿಗೆ ಅದೇ ಮರಿ 20 ಕೆ.ಜಿ. ತೂಗುವಾಗ 1,324 ಕ್ಯಾಲರಿ, ಅಂದರೆ 370 ಗ್ರಾಂ ಬೇಕಾಗುತ್ತದೆ. ತೂಕ ನಾಲ್ಕು ಪಟ್ಟಾದರೂ ಊಟ ಎರಡು ಪಟ್ಟಿಗೂ ತುಸು ಕಡಿಮೆಯೇ ಏರಿದೆ. ತೂಕ ಏರಿದ ಹಾಗೆಲ್ಲ ಅದೇ ಪ್ರಮಾಣದಲ್ಲಿ ಬಟ್ಟಲು ತುಂಬಿಸುವ ಮನೆಗಳಲ್ಲಿ ಲ್ಯಾಬ್ರಡಾರ್‌ಗಳು ಬೊಜ್ಜು ಬೆಳೆಸಿಕೊಳ್ಳುವುದು ಹೀಗೆ. ಪಕ್ಕೆಲುಬು ಕೈಗೆ ಸಿಗಬೇಕು, ಮೇಲಿನಿಂದ ನೋಡಿದಾಗ ಸೊಂಟ ಕಾಣಬೇಕು. ಇಲ್ಲವಾದರೆ ಸೂತ್ರ ಏನೇ ಹೇಳಲಿ, ಊಟ ಹೆಚ್ಚಾಗಿದೆ ಎಂದರ್ಥ.

ಮೊದಲ ಎರಡು ತಿಂಗಳು ದಿನಕ್ಕೆ ಸರಾಸರಿ 240 ಗ್ರಾಂ, ಮುಂದಿನ ಎರಡು ತಿಂಗಳು 340, ಉಳಿದ ಎಂಟು ತಿಂಗಳು 380 ಗ್ರಾಂ ಎಂದು ಹಿಡಿದರೆ ವರ್ಷಕ್ಕೆ ಸುಮಾರು 128 ಕೆ.ಜಿ. ಆಹಾರ ಬೇಕು. ಕೆ.ಜಿ.ಗೆ 300 ರೂಪಾಯಿಯಂತೆ 38,400. ಬಿಸ್ಕತ್ತು, ಅಗಿಯುವ ಕಡ್ಡಿಗಳೂ ಸೇರಿ 40,000. ಬೆಲೆ ಹೋಲಿಸುವಾಗ ಒಂದು ಎಚ್ಚರ ಬೇಕು. 250 ರೂಪಾಯಿಯ ಆಹಾರದಲ್ಲಿ ಕೆ.ಜಿ.ಗೆ 3,200 ಕ್ಯಾಲರಿ, 300ರದ್ದರಲ್ಲಿ 3,800 ಇದ್ದರೆ ಎರಡೂ ಒಂದೇ ಬೆಲೆ. ಅಗ್ಗದ್ದನ್ನು ಹೆಚ್ಚು ಹಾಕಬೇಕಾಗುತ್ತದೆ, ಅಷ್ಟೆ.

ಮನೆಯ ಅನ್ನ–ಮೊಸರಿನಲ್ಲೇ ಸಾಕಿದರೆ ಈ ಮೊತ್ತ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ ಎಂಬುದು ನಿಜ. ಆದರೆ ದೊಡ್ಡ ಜಾತಿಯ ಮರಿ ಬೆಳೆಯುವ ವೇಗಕ್ಕೆ ಅದರಲ್ಲಿನ ಪ್ರೋಟೀನ್ ಸಾಲದು. ಬರೀ ಮಾಂಸ ಹಾಕುವುದೂ ಪರಿಹಾರವಲ್ಲ, ಏಕೆಂದರೆ ಮೂಳೆಯಿಲ್ಲದ ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರ ಕಡಿಮೆ. ಆ ಕೊರತೆಯನ್ನು ಮರಿ ತನ್ನ ಮೂಳೆಯಿಂದಲೇ ತುಂಬಿಕೊಳ್ಳುತ್ತದೆ. ಕಾಲು ಸೊಟ್ಟಗಾಗುವುದು, ಸಣ್ಣ ನೆಗೆತಕ್ಕೂ ಮೂಳೆ ಮುರಿಯುವುದು ಆಗ. ಮನೆ ಅಡುಗೆಯೇ ಆಗಬೇಕೆಂದರೆ ಪಶುವೈದ್ಯರಿಂದ ಪ್ರಮಾಣ ಬರೆಸಿಕೊಂಡು ಮಾಡಬೇಕು.

ಸ್ನಾನ, ಬಾಚುವುದು, ಉಗುರು ಕತ್ತರಿಸುವುದು ಲ್ಯಾಬ್ರಡಾರ್‌ಗೆ ದೊಡ್ಡ ಖರ್ಚಲ್ಲ. ಬ್ರಷ್ಷು, ಉಗುರು ಕತ್ತರಿ, ಟವೆಲ್ಲಿಗೆ 1,500, ಶಾಂಪೂಗೆ 1,200, ಕೂದಲು ವಿಪರೀತ ಉದುರುವ ಕಾಲಕ್ಕೆ ಗ್ರೂಮಿಂಗ್ ಅಂಗಡಿಯ ನಾಲ್ಕು ಸ್ನಾನಕ್ಕೆ 4,000, ಒಟ್ಟು 6,700. ಶಿಟ್ಜೂ ಮರಿಯಾಗಿದ್ದರೆ ಲೆಕ್ಕ ತಿರುವುಮುರುವು. ಅದರ ವರ್ಷದ ಊಟ 45 ಕೆ.ಜಿ. ಸುತ್ತಮುತ್ತ, ಅಂದರೆ 13,500 ರೂಪಾಯಿ. ಆದರೆ ಕೂದಲು ಬೆಳೆಯುತ್ತಲೇ ಇರುವುದರಿಂದ ಐದಾರು ವಾರಕ್ಕೊಮ್ಮೆ ಕತ್ತರಿಸಬೇಕು. 1,500ರಂತೆ ಒಂಬತ್ತು ಸಲಕ್ಕೆ ಅಷ್ಟೇ ಹಣ. ಚಿಕ್ಕ ನಾಯಿಗೆ ಖರ್ಚೂ ಚಿಕ್ಕದು ಎಂಬ ನಂಬಿಕೆ ಕತ್ತರಿಯ ಮುಂದೆ ನಿಲ್ಲುವುದಿಲ್ಲ.

ಬಟ್ಟಲು, ಕಾಲರ್, ಸರಪಳಿ, ಹಾಸಿಗೆ, ಗೂಡಿಗೆ ಒಮ್ಮೆಗೆ 6,000. ಬೇಸಿಗೆ ರಜೆಗೋ ಊರಿನ ಮದುವೆಗೋ ಮನೆಯವರೆಲ್ಲ ಹೊರಟಾಗ ನಾಯಿಯನ್ನು ಬೋರ್ಡಿಂಗ್‌ನಲ್ಲಿ ಬಿಡಲು ಹತ್ತು ದಿನಕ್ಕೆ 7,000. ಸಂತಾನಹರಣ ಶಸ್ತ್ರಚಿಕಿತ್ಸೆಗೆ 10,000. ದೊಡ್ಡ ಜಾತಿಯ ನಾಯಿಗಳಿಗೆ ಒಂದು ವರ್ಷ ಕಳೆಯಲಿ ಎಂದು ಹಲವು ವೈದ್ಯರು ಹೇಳುವುದರಿಂದ ಈ ಹಣ ಹೋಗುವುದು ವರ್ಷದ ಕೊನೆಗೆ.

ಈವರೆಗಿನದು ಗೊತ್ತಿದ್ದ ಖರ್ಚು, 82,750 ರೂಪಾಯಿ. ಇದರ ಹೊರಗೆ ಇರಬೇಕಾದದ್ದು ಆಪತ್ತಿನ ನಿಧಿ. ‘ಒಂದಿಷ್ಟು’ ಎಂದು ತೆಗೆದಿಡುವ ಬದಲು, ಈ ವಯಸ್ಸಿನ ಮರಿಗೆ ನಿಜವಾಗಿ ಬರುವ ಎರಡು ಆಪತ್ತುಗಳ ಬಿಲ್ಲನ್ನು ಮೊದಲೇ ಬರೆದು ನೋಡಿದರೆ ನಿಧಿಯ ಗಾತ್ರ ತಾನಾಗಿ ತಿಳಿಯುತ್ತದೆ.

ಮೊದಲನೆಯದು ಪಾರ್ವೊ. ವೈರಸ್ ತಗುಲಿ ಸಾಮಾನ್ಯವಾಗಿ ಮೂರರಿಂದ ಏಳು ದಿನಕ್ಕೆ ಮರಿ ಊಟ ಬಿಡುತ್ತದೆ, ಮಂಕಾಗುತ್ತದೆ. ವಾಂತಿ, ಆಮೇಲೆ ಗಬ್ಬು ನಾತದ ರಕ್ತಭೇದಿ. ಮಾರಿದವರ ಮನೆಯಲ್ಲೇ ಸೋಂಕು ತಗುಲಿದ್ದರೆ ಹೊಸ ಮನೆಯ ಮೊದಲ ವಾರದಲ್ಲೇ ಇದು ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆಯ ಜೀವಾಳ ಡ್ರಿಪ್. ಕರುಳು ಚೇತರಿಸಿಕೊಳ್ಳುವವರೆಗೆ ನೀರು, ಲವಣ, ವಾಂತಿ ತಡೆಯುವ ಮದ್ದು ಕೊಟ್ಟು ಮರಿಯನ್ನು ಹಿಡಿದಿಟ್ಟುಕೊಳ್ಳಬೇಕು. ಪರೀಕ್ಷೆಗೆ 1,000, ಆರು ದಿನದ ಆಸ್ಪತ್ರೆಗೆ ದಿನಕ್ಕೆ 3,500, ಒಟ್ಟು 22,000.

ಎರಡನೆಯದು ನುಂಗಬಾರದ್ದನ್ನು ನುಂಗುವುದು. ಕಾಲುಚೀಲ, ಆಟಿಕೆಯ ಚೂರು, ನಮ್ಮಲ್ಲಿ ಬೇಸಿಗೆ ಬಂತೆಂದರೆ ಮಾವಿನ ವಾಟೆ. ಮತ್ತೆ ಮತ್ತೆ ವಾಂತಿ, ಮಲ ಹೋಗದಿರುವುದು, ಹೊಟ್ಟೆ ಮುಟ್ಟಿದರೆ ನೋವು ಇದರ ಸೂಚನೆ. ವಾಟೆ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣದೇ ಇರಬಹುದಾದ್ದರಿಂದ ಸ್ಕ್ಯಾನಿಂಗ್ ಕೂಡ ಬೇಕಾಗುತ್ತದೆ. ಎಕ್ಸ್‌ರೇ, ಸ್ಕ್ಯಾನ್, ರಕ್ತಪರೀಕ್ಷೆಗೆ 4,000, ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆಗೆ 25,000, ಮೂರು ದಿನದ ಆರೈಕೆಗೆ 6,000, ಒಟ್ಟು 35,000. ನಿಧಿ ಇವೆರಡರಲ್ಲಿ ದೊಡ್ಡದಕ್ಕಿಂತ ತುಸು ಹೆಚ್ಚಿರಬೇಕು, ಅಂದರೆ 40,000. ಅಪಘಾತದಲ್ಲಿ ಕಾಲು ಮುರಿದು ಪ್ಲೇಟ್ ಹಾಕಿಸಬೇಕಾದರೆ ಇಷ್ಟೂ ಸಾಲದೇ ಹೋಗಬಹುದು.

ಈ 40,000 ಮರಿ ಮನೆಗೆ ಬರುವ ದಿನವೇ ಬ್ಯಾಂಕಿನಲ್ಲಿ ಇರಬೇಕು. ತಿಂಗಳಿಗೆ 3,300ರಂತೆ ಕೂಡಿಡುವ ಮನೆಯಲ್ಲಿ, ಪಾರ್ವೊ ಬರುವ ಸಾಧ್ಯತೆ ಹೆಚ್ಚಿರುವ ಎರಡನೆಯ ತಿಂಗಳ ಕೊನೆಗೆ ಇರುವುದು 6,600 ಮಾತ್ರ. ಎರಡು ದಿನದ ಆಸ್ಪತ್ರೆ ವಾಸಕ್ಕೇ ಅದು ಮುಗಿಯುತ್ತದೆ. ಮೊದಲ ತಿಂಗಳ ಮಾಮೂಲಿ ಖರ್ಚೇ, ಸಾಮಾನು, ಲಸಿಕೆ, ಔಷಧ, ಊಟ ಸೇರಿ 11,000 ಮುಟ್ಟುವುದರಿಂದ ಮರಿಯ ಬೆಲೆಯನ್ನು ಬಿಟ್ಟು 51,000 ರೂಪಾಯಿ ಕೈಯಲ್ಲಿರಬೇಕು. ಇಡೀ ವರ್ಷಕ್ಕೆ, ನಿಧಿಯೂ ಸೇರಿ, 1,22,750.

ವಿಮೆ ಈ ನಿಧಿಯ ಜಾಗ ತುಂಬುವುದಿಲ್ಲ. ಸಾಕುಪ್ರಾಣಿ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಕನಿಷ್ಠ ವಯಸ್ಸು, ಶುರುವಿನ ಕೆಲವು ವಾರಗಳ ಕಾಯುವ ಅವಧಿ, ಲಸಿಕೆ ಪೂರ್ಣವಾಗಿರದಿದ್ದರೆ ಆ ರೋಗಕ್ಕೆ ಹಣ ಇಲ್ಲ ಎಂಬ ಷರತ್ತು ಇರುತ್ತವೆ. ಅಂದರೆ ಮರಿಗೆ ಅಪಾಯ ಹೆಚ್ಚಿರುವ ವಾರಗಳೇ ಪಾಲಿಸಿಯ ಹೊರಗೆ ಉಳಿಯುತ್ತವೆ. ಹದಿನಾರನೆಯ ವಾರದ ಲಸಿಕೆ ಮುಗಿಸಿ, ಅದರ ಪುಸ್ತಕದಲ್ಲಿ ವೈದ್ಯರ ಸಹಿ, ಲಸಿಕೆಯ ಚೀಟಿ ಅಂಟಿಸಿಕೊಂಡ ಮೇಲೆ ಪಾಲಿಸಿ ಮಾಡಿಸಿದರೆ ವಾಟೆ, ಅಪಘಾತದಂಥ ದೊಡ್ಡ ಬಿಲ್ಲಿನ ಒಂದು ಪಾಲು ಅದರಿಂದ ಬರಬಹುದು. ಆಗಲೂ ಆಸ್ಪತ್ರೆಗೆ ಮೊದಲು ಹಣ ಕಟ್ಟಿ ಆಮೇಲೆ ಕ್ಲೇಮು ಮಾಡುವ ವ್ಯವಸ್ಥೆಯ ಪಾಲಿಸಿಯಾಗಿದ್ದರೆ, ಆ ಮೊದಲ ಹಣ ಇದೇ ನಿಧಿಯಿಂದ ಹೋಗಬೇಕು.