ಕೇದಾರ ಯಾತ್ರೆಯ ಸೂಚನಾಪತ್ರದಲ್ಲಿ ಮೊದಲು ಓದಬೇಕಾದ ಸಾಲು

ಬೇಸಿಗೆ ಬಂತೆಂದರೆ ಕೇದಾರ–ಬದರಿ ಯಾತ್ರೆಯ ಸೂಚನಾಪತ್ರಗಳು ಕೈಯಿಂದ ಕೈಗೆ ಓಡಾಡುತ್ತವೆ. ದಕ್ಷಿಣ ಭಾರತದ ಊಟ, ಬಿಸಿನೀರು ಎಂಬ ಸಾಲುಗಳು ದಪ್ಪಕ್ಷರದಲ್ಲಿರುತ್ತವೆ. ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಹೊರಟಿದ್ದರೆ ಮೊದಲು ನೋಡಬೇಕಾದ್ದು ಕೇದಾರಕ್ಕೆ ಹತ್ತುವ ಹಿಂದಿನ ರಾತ್ರಿ ತಂಗುವುದೆಲ್ಲಿ, ಎಷ್ಟು ರಾತ್ರಿ ಎನ್ನುವುದನ್ನು.

ಹರಿದ್ವಾರ ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿದೆ, ಗುಪ್ತಕಾಶಿ ಸುಮಾರು 1,300. ನಡಿಗೆ ಶುರುವಾಗುವ ಗೌರಿಕುಂಡ 2,000ದ ಹತ್ತಿರ, ಕೇದಾರನಾಥ 3,583. ಗೌರಿಕುಂಡದಿಂದ ಸುಮಾರು 16 ಕಿ.ಮೀ. ಏರು. ಒಂದೇ ದಿನ ಹತ್ತಿ ಇಳಿಯುವ ಕಾರ್ಯಕ್ರಮ ಗಟ್ಟಿಮುಟ್ಟಾದ ಯುವಕರಿಗೂ ಕಷ್ಟ. ಗುಪ್ತಕಾಶಿಯಲ್ಲಿ ಒಂದು ದಿನ ಸುಮ್ಮನೆ ಕಳೆಯುವ ಪತ್ರವನ್ನೇ ನಾನು ಆರಿಸುತ್ತೇನೆ. ಅಲ್ಲಿಂದ ಉಖೀಮಠಕ್ಕೆ ಹೋಗಿ ಬರಬಹುದು. ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯುವುದು ಅಲ್ಲೇ. ದೇವಾಲಯದ ರಾವಲರು ಕರ್ನಾಟಕದ ವೀರಶೈವ ಪರಂಪರೆಯವರು, ಹಾಗಾಗಿ ನಮ್ಮವರಿಗೆ ಅದು ಅಪರಿಚಿತ ಜಾಗವೇನಲ್ಲ.

"ಹಿರಿಯರಿಗೆ ಹೆಲಿಕಾಪ್ಟರ್" ಎಂಬ ಸಾಲು ಕಂಡರೆ ಎಚ್ಚರವಿರಲಿ. ಕಾಲುನೋವೇನೋ ಉಳಿಯುತ್ತದೆ, ಆದರೆ ಕೆಲವೇ ನಿಮಿಷಗಳಲ್ಲಿ ಎರಡು ಸಾವಿರ ಮೀಟರ್ ಮೇಲೇರಿದ ದೇಹಕ್ಕೆ ತೆಳುಗಾಳಿಗೆ ಒಗ್ಗಿಕೊಳ್ಳಲು ಸಮಯವೇ ಸಿಗುವುದಿಲ್ಲ. ಎತ್ತರದ ಕಾಯಿಲೆ ಇಳಿದ ಕೂಡಲೇ ಕಾಣಿಸುವುದೂ ಅಪರೂಪ. ಕೆಲವು ಗಂಟೆ ಕಳೆದು, ಬಹಳ ಸಲ ರಾತ್ರಿ ಮಲಗಿದ ಮೇಲೆ ತಲೆನೋವು, ಹೊಟ್ಟೆ ತೊಳೆಸುವಿಕೆ, ನಿದ್ದೆಗೇಡಿನಿಂದ ಶುರುವಾಗುತ್ತದೆ. ಮನೆಯವರು ಅದನ್ನು ದಣಿವು, ಗ್ಯಾಸ್ ಎಂದು ತಳ್ಳಿಹಾಕುತ್ತಾರೆ. ನಡೆಯುವಾಗ ತೂರಾಡುವುದು, ಮಾತು ತೊದಲುವುದು, ಕೂತಲ್ಲೇ ಏದುಸಿರು ಬರುವುದು ಅಪಾಯದ ಗುರುತು. ಆಗ ಅಲ್ಲಿನ ಚಿಕಿತ್ಸಾ ಕೇಂದ್ರಕ್ಕೆ ಕರೆದೊಯ್ದು, ಕೆಳಗಿಳಿಸುವ ಏರ್ಪಾಟು ಮಾಡಬೇಕು. ಆಕ್ಸಿಜನ್ ಡಬ್ಬಿ ಸ್ವಲ್ಪ ಹೊತ್ತಿಗಷ್ಟೇ ಆಸರೆ. ಇಳಿಯುವುದೇ ಮದ್ದು. ಹೃದಯ, ಶ್ವಾಸಕೋಶದ ತೊಂದರೆ ಇದ್ದವರು, ಬಿಪಿಗೆ ನೀರಿಳಿಸುವ ಮಾತ್ರೆ ನುಂಗುವವರು ಊರಿನಲ್ಲೇ ವೈದ್ಯರನ್ನು ಕೇಳಿ ಹೊರಡಲಿ.

ಸಾಮಾನಿನ ವಿಷಯದಲ್ಲಿ ಒಂದು ಮಾತು ಸಾಕು. ದೊಡ್ಡ ಪೆಟ್ಟಿಗೆ ಗುಪ್ತಕಾಶಿಯ ಹೋಟೆಲಿನಲ್ಲೇ ಇರಲಿ. ರೇನ್‌ಕೋಟು, ಉಣ್ಣೆಯ ಟೋಪಿ, ಒಂದು ಜೊತೆ ಒಣ ಕಾಲುಚೀಲ, ಎರಡು ದಿನಕ್ಕೆ ಹೆಚ್ಚುವರಿಯಾಗಿ ಮಾತ್ರೆಗಳು ಬೆನ್ನಚೀಲದಲ್ಲಿರಲಿ. ಮಾತ್ರೆಯನ್ನು ಕುದುರೆಯ ಮೇಲೆ ಹೋಗುವ ಚೀಲಕ್ಕೆ ಹಾಕಿದರೆ ಸಂಜೆಯವರೆಗೆ ಅದು ಸಿಗುವ ಭರವಸೆಯಿಲ್ಲ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ, ಅದನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಡಬೇಕು. ಸಕ್ಕರೆ ಕಾಯಿಲೆಯವರು ದರ್ಶನದ ತನಕ ಉಪವಾಸ ಎಂದು ಹಟ ಹಿಡಿಯುವುದುಂಟು. ಮಾತ್ರೆ ನುಂಗಿ, ಊಟ ಬಿಟ್ಟು, ಏರು ಹತ್ತಿದರೆ ಸಕ್ಕರೆ ಕುಸಿದು ಬೀಳುತ್ತಾರೆ. ಬೆಲ್ಲವೋ ಗ್ಲೂಕೋಸೋ ಕೈಯಲ್ಲಿರಲಿ.

ಶಿಸ್ತಿನ ನಿಯಮಗಳಲ್ಲಿ ಹೆಚ್ಚಿನವು ಎಲ್ಲರಿಗೂ ಗೊತ್ತಿರುವಂಥವೇ. ಪತ್ರದಲ್ಲಿ ಸಾಮಾನ್ಯವಾಗಿ ಇಲ್ಲದ್ದು ನಡಿಗೆಯ ಕ್ರಮ. ಹುಡುಗರು ಮುಂದೆ ಓಡುತ್ತಾರೆ, ಅಜ್ಜಿ ಹಿಂದುಳಿಯುತ್ತಾರೆ, ನಡುವೆ ಫೋನ್ ಸಿಗ್ನಲ್ ಸಿಗದು. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದಿರಬೇಕು, ದಾರಿ ಗೊತ್ತಿರುವ ಒಬ್ಬರು ಕಟ್ಟಕಡೆಗೆ. ಕುದುರೆಗಳು ಬಂದರೆ ಕಣಿವೆಯ ಅಂಚಿಗಲ್ಲ, ಗುಡ್ಡದ ಬದಿಗೆ ಸರಿಯಬೇಕು. ಈ ಎರಡು ಸಾಲು ಪತ್ರದಲ್ಲಿಲ್ಲದಿದ್ದರೆ ಹಣ ಕಟ್ಟುವ ಮೊದಲೇ ಸಂಘಟಕರಿಗೆ ಹೇಳಿ ಸೇರಿಸಿ.