ಜನ್ಮನಕ್ಷತ್ರದ ಅಕ್ಷರವೂ ಶಿಶುವಿನ ಹೆಸರೂ

ಮನೆಯಲ್ಲಿ ಶಿಶುಜನನವಾಗಿ ಎರಡು ಮೂರು ದಿನಗಳು ಕಳೆಯುವಷ್ಟರಲ್ಲಿ ಹಿರಿಯರು ಪಂಚಾಂಗವನ್ನು ತೆರೆದು ಮಗುವಿಗೆ ಯಾವ ಅಕ್ಷರ ಬಂದಿತೆಂದು ನೋಡುವುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅಕ್ಷರವು ಒಳ್ಳೆಯದಾಗಿ ಬಂದರೆ ಎಲ್ಲರಿಗೂ ಸಂತೋಷ. ಹೆಸರಿಗೆ ಒದಗದ ಅಕ್ಷರ ಬಂದರೆ ಮಾತ್ರ ಚರ್ಚೆ ಆರಂಭವಾಗುವುದು. ಅಜ್ಜಿಯು ಶಾಸ್ತ್ರವನ್ನು ಬಿಡಬಾರದೆನ್ನುವಳು. ತಾಯಿಯು ಕರೆಯಲು ಬಾರದ ಹೆಸರು ತನಗೆ ಬೇಡವೆನ್ನುವಳು. ತೊಟ್ಟಿಲ ಶಾಸ್ತ್ರದ ದಿನ ಸಮೀಪಿಸಿದರೂ ಹೆಸರು ನಿಶ್ಚಯವಾಗದೆ ನಿಲ್ಲುವುದು. ಈ ವಿವಾದವನ್ನು ಪರಿಹರಿಸಬೇಕಾದರೆ ಆ ಅಕ್ಷರವು ಎಲ್ಲಿಂದ ಬಂದಿತು, ಅದು ಯಾವ ಹೆಸರಿಗೆ ಸಲ್ಲತಕ್ಕದ್ದು ಎಂಬೆರಡು ಸಂಗತಿಗಳನ್ನು ಮೊದಲು ತಿಳಿದುಕೊಳ್ಳಬೇಕು.

ಅಕ್ಷರವನ್ನು ಕೊಡುವ ಪಟ್ಟಿಗೆ ಅವಕಹಡ ಚಕ್ರವೆಂದು ಹೆಸರು. ಅದರ ರಚನೆಯು ಬಹು ಸರಳವಾದ ಗಣಿತದ ಮೇಲೆ ನಿಂತಿದೆ. ಅ, ವ, ಕ, ಹ, ಡ ಎಂಬ ಐದು ಅಕ್ಷರಗಳನ್ನು ಒಂದು ಸಾಲಾಗಿಯೂ, ಮ, ಟ, ಪ, ರ, ತ ಎಂಬುವನ್ನು ಎರಡನೆಯ ಸಾಲಾಗಿಯೂ, ನ, ಯ, ಭ, ಜ, ಖ ಎಂಬುವನ್ನು ಮೂರನೆಯದಾಗಿಯೂ, ಗ, ಸ, ದ, ಚ, ಲ ಎಂಬುವನ್ನು ನಾಲ್ಕನೆಯದಾಗಿಯೂ ಇಟ್ಟುಕೊಂಡು, ಒಂದೊಂದಕ್ಕೂ ಅ, ಇ, ಉ, ಎ, ಒ ಎಂಬ ಐದು ಸ್ವರಗಳನ್ನು ಕೂಡಿಸಿದ್ದಾರೆ. ಹೀಗೆ ನೂರು ಅಕ್ಷರಗಳಾಗುವುವು. ಆದರೆ ಅಭಿಜಿತ್ತನ್ನೂ ಸೇರಿಸಿ ನಕ್ಷತ್ರಗಳು ೨೮. ಪ್ರತಿಯೊಂದಕ್ಕೂ ನಾಲ್ಕು ಪಾದಗಳಾದುದರಿಂದ ಬೇಕಾದ ಅಕ್ಷರಗಳು ೧೧೨. ಉಳಿದ ಹನ್ನೆರಡು ಸ್ಥಾನಗಳನ್ನು ತುಂಬುವುದಕ್ಕಾಗಿ ಪ್ರತಿ ಸಾಲಿನಲ್ಲಿಯೂ ಮೂರು ಅಕ್ಷರಗಳನ್ನು ಹೊಸದಾಗಿ ಸೇರಿಸಿದರು. ಆರ್ದ್ರೆಯಲ್ಲಿ ಘ, ಙ, ಛ. ಹಸ್ತದಲ್ಲಿ ಷ, ಣ, ಠ. ಪೂರ್ವಾಷಾಢದಲ್ಲಿ ಧ, ಫ, ಢ. ಉತ್ತರಾಭಾದ್ರೆಯಲ್ಲಿ ಥ, ಝ, ಞ. ನಮ್ಮ ಮನೆಗಳಲ್ಲಿ ಚರ್ಚೆಯನ್ನು ಹುಟ್ಟಿಸುವ ಅಕ್ಷರಗಳಲ್ಲಿ ಹೆಚ್ಚಿನವು ಈ ಹನ್ನೆರಡರೊಳಗೇ ಇರುವುದನ್ನು ವಾಚಕರು ಗಮನಿಸಬೇಕು. ಅವು ಮಗುವಿನ ಅದೃಷ್ಟವನ್ನು ಸೂಚಿಸಲು ಬಂದವಲ್ಲ, ಲೆಕ್ಕವನ್ನು ತುಂಬಲು ಬಂದವು ಎಂದು ಚಕ್ರದ ರಚನೆಯಿಂದಲೇ ತೋರುವುದು.

ಈ ಚಕ್ರವು ಅಶ್ವಿನಿಯಿಂದ ಆರಂಭವಾಗದೆ ಕೃತ್ತಿಕೆಯಿಂದ ಆರಂಭವಾಗುತ್ತದೆ. ಕೃತ್ತಿಕೆಗೆ ಅ, ಇ, ಉ, ಎ. ರೋಹಿಣಿಗೆ ಒ, ವ, ವಿ, ವು. ಹೀಗೆಯೇ ಮುಂದೆ ಸಾಗುವುದು. ಇದರಲ್ಲಿ ಹ್ರಸ್ವದೀರ್ಘಗಳ ಭೇದವಿಲ್ಲ. ‘ಪು’ ಎಂದು ಬಂದರೆ ಪುಷ್ಪಾ ಎಂದೂ ಇಡಬಹುದು, ಪೂರ್ಣಿಮಾ ಎಂದೂ ಇಡಬಹುದು. ಬಕಾರವೂ ಶಕಾರವೂ ಚಕ್ರದಲ್ಲಿ ಇಲ್ಲವೇ ಇಲ್ಲವಾದಕಾರಣ ಬಕಾರವನ್ನು ವಕಾರದೊಡನೆಯೂ ಶಕಾರವನ್ನು ಸಕಾರದೊಡನೆಯೂ ಎಣಿಸುವುದು ವಾಡಿಕೆ. ಶ್ರವಣ ನಕ್ಷತ್ರದಲ್ಲಿ ಹುಟ್ಟಿದ ಮಗುವಿಗೆ ಒಂದು ಪಂಚಾಂಗದಲ್ಲಿ ಜು, ಜೆ, ಜೊ, ಖ ಎಂದೂ ಮತ್ತೊಂದರಲ್ಲಿ ಖಿ, ಖು, ಖೆ, ಖೊ ಎಂದೂ ಕಂಡುಬಂದರೆ ಮುದ್ರಣದೋಷವೆಂದು ಭಾವಿಸಬೇಕಾಗಿಲ್ಲ. ಎರಡನೆಯದು ಅಭಿಜಿತ್ತಿಗೆ ಅದರ ನಾಲ್ಕು ಅಕ್ಷರಗಳನ್ನು ಬಿಟ್ಟುಕೊಟ್ಟಿದೆ, ಮೊದಲನೆಯದು ಬಿಟ್ಟುಕೊಟ್ಟಿಲ್ಲ, ವ್ಯತ್ಯಾಸವಿಷ್ಟೆ.

ಇನ್ನು ಪಾದವನ್ನು ಕಂಡುಹಿಡಿಯುವ ಕ್ರಮ. ಚಂದ್ರನು ಒಂದು ನಕ್ಷತ್ರವನ್ನು ದಾಟಲು ಸುಮಾರು ೨೧ರಿಂದ ೨೭ ಗಂಟೆಗಳವರೆಗೆ ಹಿಡಿಯುವುದರಿಂದ ಎಲ್ಲ ನಕ್ಷತ್ರಗಳಿಗೂ ಪಾದವು ಆರು ಗಂಟೆಯೆಂದು ಕಣ್ಣುಮುಚ್ಚಿ ಎಣಿಸಬಾರದು. ಪಂಚಾಂಗವು ಸಾಮಾನ್ಯವಾಗಿ ನಕ್ಷತ್ರವು ಮುಗಿಯುವ ಕಾಲವನ್ನು ಮಾತ್ರ ಕೊಡುವುದು. ಆದುದರಿಂದ ಹಿಂದಿನ ನಕ್ಷತ್ರದ ಅಂತ್ಯವನ್ನೇ ಈ ನಕ್ಷತ್ರದ ಆರಂಭವೆಂದು ಹಿಡಿಯಬೇಕು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಸೋಮವಾರ ರಾತ್ರಿ ೯ ಗಂಟೆ ೪೦ ನಿಮಿಷಕ್ಕೆ ಉತ್ತರಾ ಮುಗಿಯುವುದೆಂದೂ ಮಂಗಳವಾರ ರಾತ್ರಿ ೮ ಗಂಟೆ ೨೦ ನಿಮಿಷಕ್ಕೆ ಹಸ್ತವು ಮುಗಿಯುವುದೆಂದೂ ಪಂಚಾಂಗದಲ್ಲಿದೆ. ಹಸ್ತದ ಒಟ್ಟು ಕಾಲ ೨೨ ಗಂಟೆ ೪೦ ನಿಮಿಷ. ನಾಲ್ಕರಿಂದ ಭಾಗಿಸಿದರೆ ಪಾದಕ್ಕೆ ೫ ಗಂಟೆ ೪೦ ನಿಮಿಷ. ಮೊದಲನೆಯ ಪಾದವು ಬೆಳಗಿನ ಜಾವ ೩-೨೦ಕ್ಕೂ, ಎರಡನೆಯದು ಬೆಳಿಗ್ಗೆ ೯ಕ್ಕೂ, ಮೂರನೆಯದು ಮಧ್ಯಾಹ್ನ ೨-೪೦ಕ್ಕೂ ಮುಗಿಯುವುವು. ಹೆಣ್ಣುಮಗುವೊಂದು ಮಂಗಳವಾರ ಮಧ್ಯಾಹ್ನ ೨-೩೫ಕ್ಕೆ ಹುಟ್ಟಿದರೆ ಅದು ಹಸ್ತದ ಮೂರನೆಯ ಪಾದ, ಅಕ್ಷರ ಣ. ಹತ್ತು ನಿಮಿಷ ತಡವಾಗಿ ಹುಟ್ಟಿದ್ದರೆ ನಾಲ್ಕನೆಯ ಪಾದ; ಅಕ್ಷರ ಠ.

ಈ ಉದಾಹರಣೆಯಿಂದ ಎಚ್ಚರಿಕೆಯ ಮಾತೊಂದು ಹೊರಡುವುದು. ಜನನಕಾಲವು ಪಾದದ ಸಂಧಿಗೆ ಹತ್ತು ಹದಿನೈದು ನಿಮಿಷಗಳಷ್ಟು ಸಮೀಪವಾಗಿದ್ದರೆ ಆಸ್ಪತ್ರೆಯ ದಾಖಲೆಯಲ್ಲಿರುವ ಕಾಲವನ್ನೇ ಕೇಳಿ ಪಡೆಯಬೇಕು. ಬಂಧುಗಳ ನೆನಪು ಸಾಲದು. ದೃಗ್ಗಣಿತದ ಪಂಚಾಂಗಕ್ಕೂ ಹಳೆಯ ಸಿದ್ಧಾಂತದ ಪಂಚಾಂಗಕ್ಕೂ ನಕ್ಷತ್ರಾಂತ್ಯದಲ್ಲಿ ಗಂಟೆಗಳ ಅಂತರ ಬೀಳುವುದುಂಟಾದುದರಿಂದ, ಎರಡನ್ನು ಬೆರೆಸದೆ ಮನೆತನದಲ್ಲಿ ನಡೆದುಬಂದಿರುವ ಒಂದನ್ನೇ ಅನುಸರಿಸಬೇಕು. ಪರದೇಶದಲ್ಲಿರುವ ಕನ್ನಡಿಗರು ಇನ್ನೊಂದನ್ನು ನೆನಪಿಡತಕ್ಕದ್ದು. ನಕ್ಷತ್ರವು ಮುಗಿಯುವ ಕ್ಷಣ ಭೂಮಿಗೆಲ್ಲ ಒಂದೇ. ಗಡಿಯಾರಗಳು ಮಾತ್ರ ಬೇರೆ. ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಮಂಗಳವಾರ ಸಂಜೆ ೬ ಗಂಟೆಗೆ ಹುಟ್ಟಿದ ಮಗುವಿಗೆ, ಇಲ್ಲಿಯ ಪಂಚಾಂಗವನ್ನು ನೋಡುವುದಾದರೆ, ಬುಧವಾರ ಬೆಳಗಿನ ಜಾವ ೪-೩೦ರ ನಕ್ಷತ್ರವನ್ನು ಹಿಡಿಯಬೇಕೇ ಹೊರತು ಮಂಗಳವಾರ ಸಂಜೆಯದನ್ನಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಣಕಾರದಿಂದ ಆರಂಭವಾಗುವ ಹೆಸರು ನಮ್ಮ ಭಾಷೆಯಲ್ಲಿಲ್ಲ. ಹಾಗಾದರೆ ಆ ಹೆಣ್ಣುಮಗುವಿನ ಗತಿಯೇನು? ಗೃಹ್ಯಸೂತ್ರಗಳನ್ನು ನೋಡಿದರೆ ಆತಂಕಕ್ಕೆ ಕಾರಣವಿಲ್ಲ. ಆಶ್ವಲಾಯನ ಗೃಹ್ಯಸೂತ್ರವು ಗಂಡುಮಕ್ಕಳ ಹೆಸರಿನಲ್ಲಿ ಅಕ್ಷರಗಳು ಸಮಸಂಖ್ಯೆಯಲ್ಲಿಯೂ ಹೆಣ್ಣುಮಕ್ಕಳ ಹೆಸರಿನಲ್ಲಿ ಬೆಸಸಂಖ್ಯೆಯಲ್ಲಿಯೂ ಇರಬೇಕೆಂದು ಹೇಳಿದೆ. ಮನುಸ್ಮೃತಿಯು ಹೆಣ್ಣುಮಕ್ಕಳ ಹೆಸರು ಸುಖವಾಗಿ ಉಚ್ಚರಿಸುವಂತಿರಬೇಕೆಂದು ಹೇಳಿದೆ. ಕರೆಯುವ ಹೆಸರು ಪಾದಾಕ್ಷರದಿಂದಲೇ ಆರಂಭವಾಗಬೇಕೆಂಬ ವಿಧಿ ಇವುಗಳಲ್ಲಿಲ್ಲ. ಆಶ್ವಲಾಯನರು ಅಭಿವಾದನಕ್ಕಾಗಿ ಬೇರೊಂದು ಹೆಸರನ್ನು ಹೇಳಿ, ಅದು ಉಪನಯನದವರೆಗೆ ತಾಯಿತಂದೆಗಳಿಗೆ ಮಾತ್ರ ತಿಳಿದಿರಲೆಂದಿದ್ದಾರೆ. ಪಾಣಿನಿಯ ಕಾಲದಲ್ಲಿ ನಕ್ಷತ್ರನಾಮವೆಂದರೆ ನಕ್ಷತ್ರದ ಹೆಸರಿನಿಂದಲೇ ಹುಟ್ಟಿದ ಹೆಸರಾಗಿದ್ದಿತು; ಅರ್ಜುನನ ಫಲ್ಗುನನೆಂಬ ಹೆಸರು ಆ ಜಾತಿಯದು. ನಾಮಕರಣದ ದಿನ ಪುರೋಹಿತರು ತಟ್ಟೆಯಲ್ಲಿ ಅಕ್ಕಿಯನ್ನು ಹರಡಿಸಿ ತಂದೆಯಿಂದ ಚಿನ್ನದ ಉಂಗುರದ ಮೂಲಕ ಬರೆಯಿಸುವ ಹೆಸರುಗಳನ್ನು ವಾಚಕರು ನೋಡಿರಬಹುದು. ಕುಲದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಎಂದು ಅವು ನಾಲ್ಕು. ಪಾದಾಕ್ಷರವು ಸಲ್ಲತಕ್ಕದ್ದು ಮೂರನೆಯದಕ್ಕೆ. ಊರು ಕರೆಯುವುದು ನಾಲ್ಕನೆಯದನ್ನು. ಈ ಎರಡನ್ನೂ ಒಂದೇ ಎಂದು ತಿಳಿದುದೇ ನಮ್ಮ ಮನೆಗಳ ವಿವಾದಕ್ಕೆ ಮೂಲ.

ಹಾಗಾದರೆ ವ್ಯವಹಾರನಾಮಕ್ಕೂ ಅಕ್ಷರವನ್ನು ಹೊಂದಿಸುವ ರೂಢಿ ಏಕೆ ಬಂದಿತು? ಗಡಿಯಾರವೂ ಜನನಪತ್ರವೂ ಇಲ್ಲದ ಕಾಲದಲ್ಲಿ ಜಾತಕದ ಓಲೆ ಹುಳು ತಿಂದೋ ನೀರಿಗೆ ಸಿಕ್ಕಿಯೋ ಹೋದರೆ, ಹೆಸರಿನ ಮೊದಲ ಅಕ್ಷರದಿಂದಲೇ ನಕ್ಷತ್ರವನ್ನು ತಿಳಿಯಬಹುದಾಗಿದ್ದಿತು. ಜಾತಕವಿಲ್ಲದವರಿಗೆ ಇಂದಿಗೂ ಜೋಯಿಸರು ನಾಮನಕ್ಷತ್ರವನ್ನು ಹಿಡಿದು ಹೊಂದಾಣಿಕೆ ನೋಡುವುದುಂಟು. ಹೆಸರು ಆಗ ಜಾತಕದ ಮುದ್ರೆಯಂತಿದ್ದಿತು. ಈಗ ಜನನದ ದಿನವೂ ವೇಳೆಯೂ ದಾಖಲೆಯಲ್ಲಿರುವುದರಿಂದ ಆ ಭಾರವನ್ನು ಹೆಸರಿನ ಮೇಲೆ ಹೊರಿಸಬೇಕಾದ ಅಗತ್ಯವಿಲ್ಲ.

ಅಕ್ಷರವನ್ನು ಪೂರ್ತಿ ಬಿಡಲು ಹಿರಿಯರು ಒಪ್ಪದ ಮನೆಗಳಲ್ಲಿ ಎರಡು ಮಧ್ಯಮಾರ್ಗಗಳುಂಟು. ಅದೇ ನಕ್ಷತ್ರದ ಬೇರೆ ಪಾದದ ಅಕ್ಷರವನ್ನು ಹಿಡಿಯುವುದು ಒಂದು. ಅದೇ ರಾಶಿಯ ಅಕ್ಷರವನ್ನು ಹಿಡಿಯುವುದು ಇನ್ನೊಂದು. ನಮ್ಮ ಉದಾಹರಣೆಯ ಮಗುವಿಗೆ ಹಸ್ತದ ಮೊದಲನೆಯ ಪಾದದ ‘ಪು’ ದೊರೆಯುವುದು. ಹಸ್ತವು ಕನ್ಯಾರಾಶಿಯೊಳಗಿರುವುದರಿಂದ ಅದೇ ರಾಶಿಯಲ್ಲಿರುವ ಉತ್ತರೆಯ ಪ, ಪಿ ಮತ್ತು ಚಿತ್ತೆಯ ಪೆ, ಪೊ ಸಹ ದೊರೆಯುವುವು. ಪಾರ್ವತಿ, ಪದ್ಮಿನಿ, ಪೂರ್ಣಿಮಾ ಎಂಬ ಹೆಸರುಗಳಲ್ಲಿ ಯಾವುದನ್ನಿಟ್ಟರೂ ರಾಶಿಯು ಕೆಡದು, ಅಕ್ಷರಸಂಖ್ಯೆಯು ಬೆಸವಾಗಿಯೇ ಇರುವುದು, ಅಜ್ಜಿಯ ಮನಸ್ಸೂ ನೋಯದು. ಅಕ್ಷರಕ್ಕಾಗಿ ಅರ್ಥವಿಲ್ಲದ ಹೊಸ ಶಬ್ದವನ್ನು ಹೊಸೆದು ಮಗುವಿನ ಕೊರಳಿಗೆ ಕಟ್ಟುವುದಕ್ಕಿಂತ ಇದು ಎಷ್ಟೋ ಮೇಲು.

ದಿನವನ್ನು ಎಣಿಸುವಾಗ ಹುಟ್ಟಿದ ದಿನವನ್ನು ಸೇರಿಸಿಕೊಳ್ಳಬೇಕು. ಹತ್ತು ದಿನಗಳ ಪುರುಡನ್ನು ಆಚರಿಸುವ ಮನೆಗಳಲ್ಲಿ, ಮಂಗಳವಾರ ಹುಟ್ಟಿದ ಈ ಮಗುವಿಗೆ ಹನ್ನೊಂದನೆಯ ದಿನವು ಮುಂದಿನ ವಾರದ ಶುಕ್ರವಾರ, ಹನ್ನೆರಡನೆಯದು ಶನಿವಾರ. ಆ ದಿನಗಳು ಒದಗದಿದ್ದರೆ ಶುಭತಿಥಿ ನಕ್ಷತ್ರಗಳನ್ನು ನೋಡಿ ಮುಂದೆ ಮಾಡುವುದಕ್ಕೆ ಮನುಸ್ಮೃತಿಯಲ್ಲಿಯೇ ಅವಕಾಶವಿದೆ. ಬಾಣಂತಿಗೆ ಸ್ವಸ್ಥವಿಲ್ಲದಿರುವಾಗ ಹನ್ನೊಂದನೆಯ ದಿನಕ್ಕೇ ಹಟ ಹಿಡಿಯಬೇಕಾದುದಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಮಗುವಿನ ಸೋದರತ್ತೆಯು ತೊಟ್ಟಿಲ ಬಳಿ ಕಿವಿಯಲ್ಲಿ ಹೆಸರನ್ನು ಉಸುರುವಳು. ಅನಂತರ ಬಂದವರಿಗೆ ಗುಗ್ಗರಿಯನ್ನು ಹಂಚುವರು. ಹೆಸರು ಮೊದಲೇ ನಿಶ್ಚಯವಾಗಿರದೆ ಅತ್ತೆಯು ಒಂದನ್ನೂ ತಂದೆಯು ಇನ್ನೊಂದನ್ನೂ ಹೇಳುವ ಪ್ರಸಂಗ ಬರಬಾರದಾದುದರಿಂದ ನಾಲ್ಕು ಹೆಸರುಗಳನ್ನೂ ಹಿಂದಿನ ದಿನವೇ ಚೀಟಿಯಲ್ಲಿ ಬರೆದು ಪುರೋಹಿತರಿಗೂ ಅತ್ತೆಗೂ ಕೊಟ್ಟಿರುವುದು ಒಳ್ಳೆಯದು.

ಸರ್ಕಾರದ ದಾಖಲೆಯ ಮಾತೂ ಇದರಲ್ಲಿ ಸೇರಿದೆ. ೧೯೬೯ರ ಜನನ ಮರಣ ನೋಂದಣಿ ಕಾಯಿದೆಯ ಪದ್ಧತಿಯಂತೆ ಜನನವನ್ನು ೨೧ ದಿನಗಳೊಳಗೆ ತಿಳಿಸಬೇಕು. ಆದರೆ ಹೆಸರಿಲ್ಲದೆಯೂ ನೋಂದಣಿಯಾಗುವುದು. ಹೆಸರನ್ನು ೧೨ ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ ೧೫ ವರ್ಷಗಳವರೆಗೆ ತಡವಾದುದರ ಶುಲ್ಕ ಕೊಟ್ಟು ಸೇರಿಸಬಹುದು. ಆದುದರಿಂದ ಆಸ್ಪತ್ರೆಯಲ್ಲಿ ಕೇಳಿದರೆಂದು ಅವಸರದಲ್ಲಿ ಯಾವುದೋ ಹೆಸರನ್ನು ಬರೆಯಿಸಿ, ತೊಟ್ಟಿಲಲ್ಲಿ ಬೇರೊಂದನ್ನು ಇಟ್ಟು, ಶಾಲೆಗೆ ಸೇರಿಸುವಾಗ ಎರಡನ್ನೂ ಹೊಂದಿಸಲು ಕಛೇರಿಗಳಿಗೆ ಅಲೆಯಬೇಕಾಗಿಲ್ಲ. ೨೦೨೩ರ ಅಕ್ಟೋಬರ್ ೧ರಿಂದೀಚೆಗೆ ಹುಟ್ಟಿದವರಿಗೆ ಶಾಲಾಪ್ರವೇಶವೇ ಮೊದಲಾದುವುಗಳಲ್ಲಿ ಜನ್ಮದಿನಕ್ಕೆ ಈ ಪತ್ರವೇ ಆಧಾರವಾಗಿರುವುದರಿಂದ ಇದರಲ್ಲಿ ಹೋಗತಕ್ಕದ್ದು ವ್ಯವಹಾರನಾಮವೊಂದೇ. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅದರ ಅಕ್ಷರಗಳನ್ನು ಒಮ್ಮೆ ಗೊತ್ತುಮಾಡಿ ಎಲ್ಲ ಕಡೆಯೂ ಹಾಗೆಯೇ ಬರೆಯಿಸಬೇಕು. ನಕ್ಷತ್ರನಾಮವು ಜಾತಕದಲ್ಲಿಯೂ ತಾಯಿತಂದೆಗಳ ನೆನಪಿನಲ್ಲಿಯೂ ಉಳಿದರೆ ಸಾಕು. ಅದರ ಸ್ಥಾನವು ಅದೇ ಆಗಿದೆ.