ಮೂರು ಬಾಣ, ಒಂದೇ ಬಣ್ಣ

[ಪರದೆ: ಭೂಮಿ, ಚಂದ್ರ, ಸುತ್ತಲೂ 8ರ ಆಕಾರದ ಗೆರೆ]

1970ರಲ್ಲಿ ಅಪೊಲೊ 13ನ್ನು ವಾಪಸ್ ಕರೆತಂದದ್ದು ಕ್ಲಿಯರ್ ಲೇಕ್‌ನ ನಾಸಾ ಕೇಂದ್ರ. ಆ ನೌಕೆಯ ದಾರಿಯನ್ನು ಹೀಗೆ ಬರೆದರೆ ನಂಬಬಹುದಾ?

[ಬಾಣಗಳು ಮಿನುಗುತ್ತವೆ]

ಒಂದು ಬಾಣ ನೌಕೆಯ ದಾರಿ, ಇನ್ನೊಂದು ಚಂದ್ರನ ಚಲನೆ, ಮತ್ತೊಂದು ರೇಡಿಯೊ ಸಂಕೇತ. ಮೂರೂ ಒಂದೇ ಥರ ಇವೆ, ಯಾವುದು ಏನು ಅಂತ ಹೇಳೋ ಸೂಚಿಯೇ ಇಲ್ಲ.

ಅಳತೆ ನೋಡಿ. ಭೂಮಿ, ಚಂದ್ರರ ನಡುವೆ ಸುಮಾರು 30 ಭೂಮಿಗಳನ್ನು ಸಾಲಾಗಿ ಇಡಬಹುದು. ಇಲ್ಲಿ ಮೂರಕ್ಕೇ ಜಾಗ.

ಚಂದ್ರ ನಿಂತಲ್ಲೇ ಇದ್ದಾನೆ ಅಂದುಕೊಂಡು ಬರೆದರೆ ಮಾತ್ರ ದಾರಿ 8 ಆಗುತ್ತೆ. ಆದರೆ ಇಲ್ಲಿ ಚಂದ್ರ ಓಡುವ ಬಾಣವೂ ಇದೆ!

ಪ್ರತಿ ಬಾಣವನ್ನೂ ಒಂದು ವಾಕ್ಯವಾಗಿ ಓದಿ. ಕ್ರಿಯಾಪದ ಬದಲಾದರೆ ಸೂಚಿ ಹುಡುಕಿ. ಸಿಗದಿದ್ದರೆ ಬರೆದವರನ್ನೇ ಕೇಳಿ.